ಎರಡೇ ಲೆಂತ್‌ಗೆ ಏದುಸಿರೇ? ಉಸಿರನ್ನು ನೀರೊಳಗೇ ಬಿಡಿ

25 ಮೀಟರ್ ಪೂಲ್‌ನಲ್ಲಿ ಫ್ರೀಸ್ಟೈಲ್ ಈಜುತ್ತಾ ಆ ತುದಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಗೋಡೆ ಹಿಡಿದು ಏದುಸಿರು ಬಿಡುತ್ತೀರಾ? ಕೈಕಾಲು ಇನ್ನೂ ಸೋತಿಲ್ಲ, ಎದೆ ಮಾತ್ರ ಬಿಗಿದಿದೆ ಅಲ್ವಾ? ಹಾಗಿದ್ದರೆ ಸ್ಟ್ಯಾಮಿನಾವನ್ನು ದೂರುವ ಮೊದಲು ಉಸಿರು ಬಿಡುವ ಹೊತ್ತನ್ನು ಗಮನಿಸಿ.

ಮುಖ ನೀರಿಗಿಳಿದ ಕೂಡಲೇ ನಾನು ಬಾಯಿ ಬಿಗಿದುಕೊಳ್ಳುತ್ತಿದ್ದೆ. ತಲೆ ಹೊರಳಿಸಿದಾಗ ಮೊದಲು ಹಳೇ ಉಸಿರು ಬಿಡಬೇಕು, ಆಮೇಲೆ ಹೊಸದು ಎಳೆಯಬೇಕು. ಬಾಯಿ ನೀರಿನಿಂದ ಹೊರಗಿರುವುದು ಒಂದು ಸೆಕೆಂಡೂ ಇಲ್ಲ, ಎರಡು ಕೆಲಸ ಎಲ್ಲಿ ಆಗುತ್ತೆ? ಎಳೆದದ್ದು ಅರ್ಧ, ಒಳಗೆ ಉಳಿದದ್ದು ಅರ್ಧ. ಹೀಗೆ ಸ್ಟ್ರೋಕ್‌ನಿಂದ ಸ್ಟ್ರೋಕ್‌ಗೆ ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗುತ್ತದೆ. ಉಸಿರಿಗಾಗಿ ಒದ್ದಾಡಿಸುವುದು ಮುಖ್ಯವಾಗಿ ಅದೇ.

ಮೊದಲು ಪೂಲ್‌ನ ಆಳವಿಲ್ಲದ ಕಡೆ ನಿಂತು ಗೋಡೆ ಹಿಡಿದುಕೊಳ್ಳಿ. ಮುಖ ಮುಳುಗಿಸಿ, 'ಹುಂ...' ಅಂತ ಗುನುಗಿ. ಗುನುಗುವಾಗ ಉಸಿರು ಕಟ್ಟಲು ಆಗುವುದೇ ಇಲ್ಲ, ಮೂಗಿನಿಂದ ಗುಳ್ಳೆಗಳು ತಾವಾಗಿಯೇ ಹೊರಡುತ್ತವೆ. ತಲೆ ಪಕ್ಕಕ್ಕೆ ಹೊರಳಿಸಿ ಬಾಯಿಂದ ಉಸಿರು ತೆಗೆದುಕೊಳ್ಳಿ, ಮತ್ತೆ ಮುಖ ಇಳಿಸಿ ಗುನುಗಿ. ಹತ್ತು ಸಲ ಸಲೀಸಾಗಿ ಆದಮೇಲೆ ಈಜಿ.

ಈಗ ಕೈಗಳ ಜೊತೆ ಹೊಂದಿಸೋಣ. ನೀವು ಬಲಕ್ಕೆ ಉಸಿರೆಳೆಯುತ್ತೀರಿ ಅಂದುಕೊಳ್ಳಿ. ಎಡಗೈ ನೀರಿಗಿಳಿದು ಮುಂದೆ ಚಾಚುತ್ತಿದೆ, ಬಲಗೈ ನೀರೊಳಗೆ ಹಿಂದಕ್ಕೆ ಎಳೆಯುತ್ತಿದೆ. ಮೈ ಹೊರಳುವ ಜೊತೆಗೇ ತಲೆಯೂ ಹೊರಳಲಿ. ಬಲಗೈ ತೊಡೆಯ ಬಳಿ ನೀರಿನಿಂದ ಎದ್ದಾಗ ಉಸಿರೆಳೆಯಿರಿ. ಅದು ಮುಂದೆ ಬಂದು ನೀರು ಮುಟ್ಟುವ ಮೊದಲೇ ಮುಖ ವಾಪಸ್ ಒಳಗೆ ಹೋಗಿರಬೇಕು. ಆ ಕ್ಷಣದಿಂದಲೇ ಗುನುಗು ಶುರು. ದೊಡ್ಡ ಉಸಿರು ಬೇಡ, ಮಾತಾಡುವಾಗ ಎಳೆಯುವಷ್ಟೇ ಸಾಕು.

ತಲೆ ಮೇಲಕ್ಕೆತ್ತಬೇಡಿ. ಎತ್ತಿದರೆ ಸೊಂಟ, ಕಾಲು ಕೆಳಗಿಳಿಯುತ್ತವೆ, ಅವನ್ನು ತೇಲಿಸಲು ಜೋರಾಗಿ ಒದೆಯಬೇಕಾಗುತ್ತದೆ, ಇರುವ ಉಸಿರೂ ಅದಕ್ಕೇ ಖರ್ಚು. ಗಾಗಲ್ಸ್‌ನ ಒಂದು ಗಾಜು ನೀರಿನಲ್ಲೇ ಇದ್ದರೆ ಹೊರಳಿಸಿದ್ದು ಸರಿಯಾಗಿದೆ. ಮುಂದೆ ಸಾಗುವಾಗ ತಲೆಯ ಪಕ್ಕ ನೀರು ಸ್ವಲ್ಪ ತಗ್ಗಾಗುತ್ತದೆ, ಬಾಯಿಗೆ ಅಷ್ಟು ಜಾಗ ಸಾಲುತ್ತದೆ.

ಮೂರು ಸ್ಟ್ರೋಕ್‌ಗೊಮ್ಮೆ ಉಸಿರೆಳೆಯಿರಿ ಅಂತ ತುಂಬಾ ಜನ ಹೇಳಿಕೊಡುತ್ತಾರೆ. ಎರಡೂ ಬದಿ ಕಲಿಯಲು ಅದು ಒಳ್ಳೆಯದೇ. ಆದರೆ ಏದುಸಿರಿನ ತೊಂದರೆ ಇರುವವರು ಸದ್ಯಕ್ಕೆ ಎರಡಕ್ಕೊಮ್ಮೆ ಎಳೆಯಲಿ, ಗಾಳಿ ಬೇಗ ಬೇಗ ಸಿಗುತ್ತದೆ.

ಒಂದು ಲೆಂತ್ ನಿಧಾನವಾಗಿ ಈಜಿ, ಉಸಿರು ಹದಕ್ಕೆ ಬರುವವರೆಗೆ ನಿಲ್ಲಿ. ಹೀಗೆ ನಾಲ್ಕು ಸಲ. ತಲೆ ಸುತ್ತಿದರೆ ನೀರಿನಿಂದ ಹೊರಬನ್ನಿ. ದಡದಲ್ಲಿರುವ ಯಾರಿಗಾದರೂ ನೋಡಲು ಹೇಳಿ: ನಿಮ್ಮ ಮುಖ ಒಳಗಿರುವಾಗ ಗುಳ್ಳೆ ಕಾಣದೆ, ಹೊರಬಂದಾಗ 'ಫೂ' ಅಂತ ಸದ್ದು ಕೇಳಿಸಿದರೆ ಮತ್ತೆ ಗೋಡೆ ಹಿಡಿದು ಗುನುಗಬೇಕು.