‘ಮೋರ್’ ಮುಚ್ಚಿ ಓದು, ‘ದ್ಯಾನ್’ ಮುಚ್ಚಿ ಓದು

ಹೊಸನಗರದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ನಮ್ಮ ಮಕ್ಕಳಿಗೆ ‘ಗುಡ್, ಬೆಟರ್, ಬೆಸ್ಟ್’ ಮಗ್ಗಿಯ ಹಾಗೆ ಬಾಯಿಗೆ ಬಂದಿರುತ್ತದೆ. ಕೋಷ್ಟಕ ತುಂಬಿಸಿ ಅಂದರೆ ಒಂದೂ ತಪ್ಪಿರುವುದಿಲ್ಲ. ಅದೇ ಮಕ್ಕಳಿಗೆ ಸ್ವಂತವಾಗಿ ಐದಾರು ಸಾಲು ಬರೆಯಿರಿ ಅಂದರೆ ‘ಮೋರ್ ಬೆಟರ್’, ‘ಮೋಸ್ಟ್ ಈಸಿಯೆಸ್ಟ್’ ಶುರುವಾಗುತ್ತದೆ. ಹಾಗಾಗಿ ಕೋಷ್ಟಕ ತುಂಬಿಸುವುದನ್ನು ಬಿಟ್ಟು, ಅವರು ಬರೆದ ಸಾಲುಗಳಲ್ಲೇ ಹೋಲಿಕೆಯ ಈ ಪಾಠ ಮಾಡುವುದನ್ನು ರೂಢಿಸಿಕೊಂಡೆ.

ಬರೆಯಲು ಕೊಡುವ ವಿಷಯ ಅಡಿಕೆ. ಅರ್ಧಕ್ಕರ್ಧ ಮಕ್ಕಳ ಮನೆಯಲ್ಲಿ ತೋಟವಿದೆ, ಉಳಿದವರ ಮನೆಯಲ್ಲಿ ಸುಲಿಯಲು ಹೋಗುವವರಿದ್ದಾರೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆ ದರ್ಜೆಗಳ ದರ ಶಿವಮೊಗ್ಗ ಮಂಡಿಯಲ್ಲಿ ಯಾವ ಕ್ರಮದಲ್ಲಿ ಇಳಿಯುತ್ತದೆ ಎಂದು ನಾನು ಹೇಳಿಕೊಡಬೇಕಾಗಿಲ್ಲ. ಹೋಲಿಸಲು ಬೇಕಾದದ್ದೆಲ್ಲ ಅವರ ಬಳಿ ಇದೆ, ಇಂಗ್ಲಿಷ್ ಒಂದನ್ನು ಹೊಂದಿಸಿದರೆ ಸಾಕು.

ಒಬ್ಬ ಹುಡುಗಿ ಬರೆದದ್ದನ್ನು ಇಲ್ಲಿ ಇಡುತ್ತೇನೆ:

‘ಶಿವಮೊಗ್ಗ ಈಸ್ ಹಾಟ್ ದ್ಯಾನ್ ಅವರ್ ವಿಲೇಜ್. ರಾಶಿ ಈಸ್ ಮೋರ್ ಬೆಟರ್ ದ್ಯಾನ್ ಗೊರಬಲು. ಸರಕು ಈಸ್ ಮೋಸ್ಟ್ ಕಾಸ್ಟ್ಲಿಯೆಸ್ಟ್ ದ್ಯಾನ್ ಆಲ್. ಬಾಯ್ಲಿಂಗ್ ಈಸ್ ಮೋಸ್ಟ್ ಈಸಿಯೆಸ್ಟ್ ದ್ಯಾನ್ ಪೀಲಿಂಗ್.’

ನಾಲ್ಕೂ ಸಾಲು ತಪ್ಪು, ಆದರೆ ಒಂದೇ ಜಾತಿಯ ತಪ್ಪಲ್ಲ. ಮೊದಲನೆಯದು ಅಚ್ಚ ಕನ್ನಡ. ‘ನಮ್ಮೂರಿಗಿಂತ ಶಿವಮೊಗ್ಗ ಬಿಸಿ’ ಅಂದರೆ ಮುಗಿಯಿತು. ಹೋಲಿಕೆಯ ಭಾರವನ್ನೆಲ್ಲ ‘ಗಿಂತ’ ಹೊರುತ್ತದೆ, ‘ಬಿಸಿ’ ಇದ್ದ ಹಾಗೇ ಇರುತ್ತದೆ. ಆ ಹುಡುಗಿಯ ಲೆಕ್ಕದಲ್ಲಿ ‘ದ್ಯಾನ್’ ಬಂದಮೇಲೆ ‘ಹಾಟ್’ ಬದಲಾಗಬೇಕಾದ ಕಾರಣವೇ ಇಲ್ಲ. ಎರಡನೆಯ ಸಾಲಿನಲ್ಲಿ ಅವಳು ಮುಂದೆ ಹೋಗಿದ್ದಾಳೆ. ಗುಣವಾಚಕದ ಹತ್ತಿರವೂ ಏನೋ ಒಂದು ಸೇರಬೇಕು ಎಂಬುದು ತಿಳಿದಿದೆ, ಆದರೆ ‘ಬೆಟರ್’ ಒಳಗೇ ಅದು ಇದೆ ಎಂಬುದು ತಿಳಿದಿಲ್ಲ. ಆದ್ದರಿಂದ ‘ಹಾಟ್ ದ್ಯಾನ್’ ಬರೆಯುವ ಮಗುವಿಗಿಂತ ‘ಮೋರ್ ಹಾಟರ್’ ಬರೆಯುವ ಮಗು ಕಲಿಕೆಯಲ್ಲಿ ಮುಂದಿದೆ ಎಂದೇ ನನ್ನ ಅಭಿಪ್ರಾಯ. ಎರಡಕ್ಕೂ ಒಂದೇ ಕೆಂಪು ಗೆರೆ ಎಳೆದರೆ ಎರಡನೆಯ ಮಗು ಹೆದರಿ ಹಿಂದಕ್ಕೆ, ಬರೀ ‘ಹಾಟ್’ಗೆ, ಹೋಗಿಬಿಡುತ್ತದೆ.

‘ಮೋರ್’, ‘ಅರ್’ ಎರಡೂ ಒಟ್ಟಿಗೆ ಬೀಳುವ ಈ ಜೋಡಿ ಗುರುತಿಗೆ ಸುಲಭದ ಮದ್ದು ಎಂದು ಹಲವರು ಹೇಳುವುದು ‘ಮೋರ್’ ಮೇಲೆ ಬೆರಳಿಟ್ಟು ಮುಚ್ಚಿ ಓದಿಸುವುದನ್ನು. ಅರ್ಥ ಉಳಿದರೆ ‘ಮೋರ್’ ಹೆಚ್ಚಾಗಿತ್ತು ಎಂದಾಯಿತು. ನಮ್ಮ ಮಕ್ಕಳಲ್ಲಿ ಇದೊಂದೇ ಸಾಲದು. ‘ಸರಕು ಈಸ್ ಮೋರ್ ಎಕ್ಸ್‌ಪೆನ್ಸಿವ್ ದ್ಯಾನ್ ರಾಶಿ’ ಎಂಬ ಸರಿಯಾದ ವಾಕ್ಯದಲ್ಲೂ ‘ಮೋರ್’ ಮುಚ್ಚಿ ಕೇಳಿದರೆ ‘ಅರ್ಥ ಆಗತ್ತೆ ಸಾರ್’ ಅನ್ನುತ್ತಾರೆ. ಆಗದೆ ಏನು, ಕೊನೆಯಲ್ಲಿ ‘ದ್ಯಾನ್ ರಾಶಿ’ ಕೂತಿದೆಯಲ್ಲ, ‘ಗಿಂತ’ದ ಕೆಲಸ ಅಲ್ಲಿ ನಡೆದೇ ನಡೆಯುತ್ತದೆ.

ಅದಕ್ಕೆ ನಾನು ಮೊದಲು ‘ದ್ಯಾನ್’ನಿಂದ ಕೊನೆಯವರೆಗೆ ಸ್ಕೇಲಿನಿಂದ ಮುಚ್ಚಿಸುತ್ತೇನೆ. ಈಗ ಉಳಿದದ್ದನ್ನು ಓದಿ, ಇಲ್ಲಿ ಹೋಲಿಕೆ ಕೇಳುತ್ತಿದೆಯಾ ಎಂದು ಕೇಳುತ್ತೇನೆ. ‘ಶಿವಮೊಗ್ಗ ಈಸ್ ಹಾಟ್’ನಲ್ಲಿ ಇಲ್ಲ, ಅಲ್ಲಿ ಸೆಕೆ ಅಂದಷ್ಟೇ ಆಯಿತು. ‘ಶಿವಮೊಗ್ಗ ಈಸ್ ಹಾಟರ್’ ಅಂದರೆ ‘ಯಾವುದಕ್ಕಿಂತ?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಆ ಪ್ರಶ್ನೆ ಎದ್ದರೆ ಗುರುತು ಬಿದ್ದಿದೆ ಎಂದು ಅರ್ಥ. ಆಮೇಲೆ ಎರಡನೆಯ ಹೆಜ್ಜೆ. ‘ದ್ಯಾನ್’ ಮುಚ್ಚಿಕೊಂಡೇ ಇದ್ದು ‘ಮೋರ್’ ಕೂಡ ಮುಚ್ಚಬೇಕು. ‘ರಾಶಿ ಈಸ್ ಬೆಟರ್’ನಲ್ಲಿ ಪ್ರಶ್ನೆ ಇನ್ನೂ ಏಳುತ್ತದೆ, ‘ಮೋರ್’ ಬೇಡ. ‘ಸರಕು ಈಸ್ ಎಕ್ಸ್‌ಪೆನ್ಸಿವ್’ನಲ್ಲಿ ಏಳುವುದಿಲ್ಲ, ‘ಮೋರ್’ ಬೇಕೇ ಬೇಕು. ಇದೇ ಕ್ರಮದಲ್ಲಿ ಮಾಡಿದಾಗ ಆ ಹುಡುಗಿ ತನ್ನ ಮೊದಲೆರಡು ಸಾಲನ್ನು ತಾನೇ ತಿದ್ದಿಕೊಂಡಳು. ‘ಹಾಟರ್’ಗೆ ಎರಡು ‘ಟಿ’ ಹಾಕುವುದನ್ನು ಮಾತ್ರ ನಾನು ಹೇಳಬೇಕಾಯಿತು.

ಮೂರನೆಯ ಸಾಲು ಹೆಚ್ಚು ಕಾಡಿಸುತ್ತದೆ. ಕನ್ನಡದಲ್ಲಿ ‘ರಾಶಿಗಿಂತ’, ‘ಎಲ್ಲಕ್ಕಿಂತ’ ಎರಡರಲ್ಲೂ ಅದೇ ‘ಗಿಂತ’. ಇಂಗ್ಲಿಷ್‌ನಲ್ಲಿ ‘ಕಾಸ್ಟ್ಲಿಯೆಸ್ಟ್’ ಬಂತೆಂದರೆ ‘ದ್ಯಾನ್’ ಹಿಂದೆ ಸರಿದು ‘ಆಫ್’ ಅಥವಾ ‘ಇನ್’ ಬರಬೇಕು, ಮುಂದೆ ‘ದ’ ಕೂಡ. ಇಲ್ಲಿ ನಾನು ಇಂಗ್ಲಿಷ್ ತಿದ್ದುವ ಮೊದಲು ಕನ್ನಡದ ವಾಕ್ಯವನ್ನೇ ತಿರುಗಿಸಿಕೊಳ್ಳುತ್ತೇನೆ. ‘ಎಲ್ಲಕ್ಕಿಂತ ಅನ್ನಬೇಡ ಮಾರಾಯ್ತಿ, ಎಲ್ಲದರಲ್ಲಿ ಅನ್ನು’ ಎಂದೆ. ಎಲ್ಲದರಲ್ಲಿ ದುಬಾರಿ ಸರಕು, ‘ಸರಕು ಈಸ್ ದ ಕಾಸ್ಟ್ಲಿಯೆಸ್ಟ್ ಆಫ್ ಆಲ್’. ‘ಅಲ್ಲಿ’ ಸಿಕ್ಕಿದ ಕೂಡಲೇ ‘ದ್ಯಾನ್’ ಬಿದ್ದುಹೋಗುತ್ತದೆ. ‘ಮೋಸ್ಟ್ ಕಾಸ್ಟ್ಲಿ’ ಎಂದು ಬರೆದರೂ ನಾನು ತಿದ್ದುವುದಿಲ್ಲ. ಈ ಪದ ಎರಡೂ ರೀತಿ ನಡೆಯುತ್ತದೆ, ಎರಡೂ ಒಟ್ಟಿಗೆ ನಡೆಯುವುದಿಲ್ಲ ಅಷ್ಟೆ.

ನಾಲ್ಕನೆಯದರಲ್ಲಿ ಬೇಯಿಸುವುದು, ಸುಲಿಯುವುದು ಎಂಬ ಎರಡೇ ಕೆಲಸ ಇವೆ. ಎರಡರ ನಡುವೆ ‘ಈಸಿಯರ್’ ಸಾಕು. ಆದರೆ ಇದನ್ನು ಹೇಳುವ ಮೊದಲು, ಕನ್ನಡದಲ್ಲಿ ನಿನಗೆ ಏನು ಹೇಳಬೇಕಿತ್ತು ಎಂದು ಕೇಳಿದೆ. ‘ಸುಲಿಯೋದಕ್ಕಿಂತ ಬೇಯ್ಸೋದು ಎಷ್ಟೋ ಸುಲಭ ಸಾರ್, ಕೈಯೂ ಕೊಯ್ಯಲ್ಲ’ ಅಂದಳು. ಅವಳ ಮನಸ್ಸಿನಲ್ಲಿದ್ದದ್ದು ಒತ್ತು. ‘ಮೋಸ್ಟ್’ ಆ ಒತ್ತಿಗೆ ಸಿಕ್ಕ ಪದ. ‘ಮೋರ್ ಬೆಟರ್’ ಬರೆಯುವ ಎಷ್ಟೋ ಮಕ್ಕಳಿಗೂ ಬೇಕಿರುವುದು ‘ಇನ್ನೂ ಒಳ್ಳೇದು’, ‘ಎಷ್ಟೋ ವಾಸಿ’ ಎಂಬ ಅರ್ಥ. ಅವರಿಂದ ‘ಮೋರ್’ ಕಿತ್ತುಕೊಂಡು ಸುಮ್ಮನಾದರೆ ಮುಂದಿನ ವಾರ ಅದೇ ‘ಮೋರ್’ ಮತ್ತೆ ಬರುತ್ತದೆ. ಬದಲಿಗೆ ‘ಮಚ್’, ‘ಈವನ್’ ಕೊಡಬೇಕು. ‘ಬಾಯ್ಲಿಂಗ್ ಈಸ್ ಮಚ್ ಈಸಿಯರ್ ದ್ಯಾನ್ ಪೀಲಿಂಗ್.’ ನನ್ನ ಇಷ್ಟು ವರ್ಷದ ತಿದ್ದುವ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ‘ಮಚ್’.

ಯಾವುದಕ್ಕೆ ‘ಅರ್’, ಯಾವುದಕ್ಕೆ ‘ಮೋರ್’ ಎಂಬುದಕ್ಕೆ ಉಚ್ಚಾರದ ಸದ್ದು ಎಣಿಸುವ ನಿಯಮ ಎಲ್ಲ ವ್ಯಾಕರಣದಲ್ಲೂ ಇದೆ. ಒಂದು ಸದ್ದಿನ ಪದಕ್ಕೆ ‘ಅರ್’, ಮೂರು ಮತ್ತು ಮೇಲ್ಪಟ್ಟದ್ದಕ್ಕೆ ‘ಮೋರ್’. ನಮ್ಮಲ್ಲಿ ಚಪ್ಪಾಳೆ ತಟ್ಟಿ ಎಣಿಸಿದರೆ ಲೆಕ್ಕ ಕೈಕೊಡುತ್ತದೆ, ಯಾಕೆಂದರೆ ನಾವು ‘ಸ್ಟ್ರಾಂಗು’, ‘ಫಾಸ್ಟು’ ಅನ್ನುವವರು. ಎರಡು ಚಪ್ಪಾಳೆ ಬೀಳುತ್ತದೆ, ‘ಮೋರ್ ಫಾಸ್ಟ್’ ಹುಟ್ಟುತ್ತದೆ. ಕೊನೆಯ ಉಕಾರ ನುಂಗಿ ಹೇಳಿಸಿ ಆಮೇಲೆ ಎಣಿಸಬೇಕು.

ಒಬ್ಬ ಸಹೋದ್ಯೋಗಿ ಒಮ್ಮೆ, ಶೇಕ್ಸ್‌ಪಿಯರ್ ಕೂಡ ‘ಮೋಸ್ಟ್ ಅನ್‌ಕೈಂಡೆಸ್ಟ್’ ಎಂದು ಬರೆದಿಲ್ಲವೇ ಎಂದು ಚುಚ್ಚಿದರು. ಬರೆದದ್ದು ನಿಜ. ಆ ಕಾಲದ ಇಂಗ್ಲಿಷ್‌ನಲ್ಲಿ ಒತ್ತಿಗಾಗಿ ಎರಡನ್ನೂ ಸೇರಿಸುವುದು ನಡೆಯುತ್ತಿತ್ತು. 1762ರಲ್ಲಿ ರಾಬರ್ಟ್ ಲೌತ್ ತನ್ನ ವ್ಯಾಕರಣದಲ್ಲಿ ಇದು ಸಲ್ಲದು ಎಂದು ಬರೆದ, ಶಾಲೆಯ ಇಂಗ್ಲಿಷ್ ಅದನ್ನೇ ಹಿಡಿದುಕೊಂಡಿತು. ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವವರು ಲೌತ್ ಕಡೆಯವರು, ಹಾಗಾಗಿ ನಾನೂ ಅವನ ಕಡೆ.

‘ಮಚ್’ ಕಲಿಸಿದ ಮೇಲೆ ಹೊಸದೊಂದು ತಪ್ಪು ಕಾಣಿಸಿಕೊಳ್ಳುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ‘ವೆರಿ ಬೆಟರ್’ ಬರುತ್ತದೆ, ‘ಮಚ್ ಟಾಲ್’ ಬರುತ್ತದೆ. ಇವಕ್ಕೂ ಸ್ಕೇಲೇ ಸಾಕು. ಪದ ‘ಯಾವುದಕ್ಕಿಂತ?’ ಎಂದು ಕೇಳಿಸಿದರೆ ‘ಮಚ್’, ಕೇಳಿಸದಿದ್ದರೆ ‘ವೆರಿ’. ಮಾತನಾಡುವಾಗ ‘ಮೋರ್ ಬೆಟರ್’ ಬಂದರೆ ನಾನು ತಡೆಯುವುದಿಲ್ಲ, ಬರವಣಿಗೆಯಲ್ಲಿ ಮಾತ್ರ ಬಿಡುವುದಿಲ್ಲ.