ಬಳೆ, ಕರಿಮಣಿ, ಕರಡಿಗೆ: ನಮ್ಮ ಕಾರ್ಖಾನೆಯ ಉಡುಪಿನ ನಿಯಮವನ್ನು ಮೂರನೆಯ ಸಲ ಬರೆದ ಅನುಭವ

ತಿಪಟೂರು ಸೀಮೆಯಲ್ಲಿ ತೆಂಗಿನಕಾಯಿಯ ತುರಿ ಒಣಗಿಸಿ ಡೆಸಿಕೇಟೆಡ್ ಪುಡಿ ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ಸಿಬ್ಬಂದಿ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಕೆಲಸಗಾರರು ಹೆಚ್ಚುಕಡಿಮೆ ಎಂಬತ್ತೈದು ಜನ, ಅವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಉಡುಪಿನ ನಿಯಮವನ್ನು ಇಲ್ಲಿ ಮೂರು ಸಲ ಬರೆದಿದ್ದೇನೆ. ಮೊದಲ ಎರಡು ಬಿದ್ದುಹೋದವು. ಮೂರನೆಯದೂ ಒಂದು ತಿಂಗಳು ನಿಲ್ಲುವುದಿಲ್ಲವೆಂದು ನಮ್ಮ ಸಲಹೆಗಾರರು ಮಾಲೀಕರೆದುರೇ ಹೇಳಿದ್ದರು. ಅದು ಎರಡು ಹಂಗಾಮು ದಾಟಿದೆ, ಖರೀದಿದಾರರ ತಪಾಸಣೆಯಲ್ಲಿ ಉಡುಪಿನ ಕುರಿತು ಒಂದು ಆಕ್ಷೇಪವೂ ಬಂದಿಲ್ಲ, ಬಟ್ಟೆಯ ಕಾರಣಕ್ಕೆ ಯಾರೂ ಕೆಲಸ ಬಿಟ್ಟಿಲ್ಲ. ಆದ್ದರಿಂದ ಈಗ ಬರೆಯುವ ಧೈರ್ಯ ಬಂದಿದೆ.

ಮೊದಲನೆಯ ನಿಯಮವು ಖರೀದಿದಾರರ ತಪಾಸಣಾ ಪಟ್ಟಿಯಿಂದ ಎತ್ತಿಕೊಂಡದ್ದು. ಆಭರಣ ಹಾಗೂ ಧಾರ್ಮಿಕ ವಸ್ತುಗಳನ್ನು ಧರಿಸಿ ಒಳಗೆ ಬರಕೂಡದು ಎಂಬ ಒಂದೇ ಸಾಲು ಅದರಲ್ಲಿತ್ತು. ಫಲಕ ಹಾಕಿದ ಮೂರನೆಯ ದಿನ ಕಂದು ಸಿಪ್ಪೆ ಹೆರೆಯುವ ವಿಭಾಗದ ಹನ್ನೊಂದು ಹೆಂಗಸರು ಬರಲಿಲ್ಲ. ಹೆರೆಯುವವರಿಲ್ಲದಿದ್ದರೆ ಒಡೆದ ಕಾಯಿ ಹುಳಿಯುತ್ತದೆ. ಎರಡು ದಿನದಲ್ಲಿ ಸುಮಾರು ನಾಲ್ಕು ಸಾವಿರ ಕಾಯಿ ಎಣ್ಣೆ ಗಾಣದವರ ಪಾಲಾಯಿತು. ಅದೇ ವಾರ ಬಾಗಿಲಲ್ಲಿ ನಿಂತು ಎಲ್ಲರ ಸರ ತೆಗೆಸುತ್ತಿದ್ದ ಪಾಳಿಯ ಮೇಸ್ತ್ರಿಯನ್ನು ಒಬ್ಬ ಹೆಂಗಸು ನೇರವಾಗಿ ಕೇಳಿದಳು: "ಅಣ್ಣ, ನಿಮ್ಮ ಕೊರಳಾಗಿರೋ ಕರಡಿಗೆ ಯಾವಾಗ ತೆಗೀತೀರಿ?" ಆತ ಅಂಗಿಯ ಮೇಲೆಯೇ ಎದೆ ಮುಟ್ಟಿಕೊಂಡು ಸುಮ್ಮನಾದ. ಇಷ್ಟಲಿಂಗವಿರುವ ಬೆಳ್ಳಿಯ ಕರಡಿಗೆ ಶಿವದಾರದಲ್ಲಿ ಅವನ ಕೊರಳಲ್ಲಿ ಸದಾ ಇತ್ತು. ಅದನ್ನು ಅವನು ಆಭರಣವೆಂದಾಗಲಿ, ನಿಯಮಕ್ಕೆ ಸೇರಿದ ವಸ್ತುವೆಂದಾಗಲಿ ಒಮ್ಮೆಯೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ.

ಎರಡನೆಯ ನಿಯಮದಲ್ಲಿ ವಿನಾಯಿತಿಗೆ ದಾರಿ ಮಾಡಿದೆ: ಧಾರ್ಮಿಕ ಕಾರಣವಿದ್ದವರು ಅರ್ಜಿ ಕೊಟ್ಟು ಅನುಮತಿ ಪಡೆಯಬಹುದು. ಇದು ಮೊದಲನೆಯದಕ್ಕಿಂತಲೂ ಕೆಟ್ಟದಾಯಿತು. ತಿಂಗಳೊಳಗೆ ನನ್ನ ಮೇಜಿನ ಮೇಲೆ ನಲವತ್ತರಷ್ಟು ಅರ್ಜಿಗಳಿದ್ದವು. ಯಾವುದು ಧರ್ಮ, ಯಾವುದು ರೂಢಿ, ಯಾವುದು ಬರೀ ಇಷ್ಟ ಎಂದು ತೀರ್ಮಾನಿಸುವ ಕೆಲಸ ನನ್ನ ತಲೆಗೆ ಬಂತು. ಒಬ್ಬಳ ಹಿಜಾಬಿಗೆ ಒಪ್ಪಿ ಇನ್ನೊಬ್ಬಳ ಹಸಿರು ಬಳೆಗೆ ಒಪ್ಪದಿದ್ದರೆ ಅದಕ್ಕೆ ಕೊಡಬಹುದಾದ ಉತ್ತರ ನನ್ನಲ್ಲಿರಲಿಲ್ಲ. ಅದು 2022ನೆಯ ಇಸವಿ. ಶಾಲೆ ಕಾಲೇಜುಗಳ ಹಿಜಾಬ್ ವಿಷಯ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪಿಗೆ ಬಂದು ನಿಂತಿತ್ತು. ಅಂಥ ಹೊತ್ತಿನಲ್ಲಿ ವಿನಾಯಿತಿಯ ಪಟ್ಟಿಯೊಂದನ್ನು ಬಾಗಿಲಲ್ಲಿ ಅಂಟಿಸಿದ್ದು ನನ್ನ ದೊಡ್ಡ ತಪ್ಪು.

ಮೂರನೆಯ ಸಲ ನಾನು ಬರೆಯುವುದಕ್ಕೆ ಕೂರಲಿಲ್ಲ. ನಾಲ್ಕು ದಿನ ಬರೀ ನೋಡಿದೆ. ಬಾಗಿಲಿನಿಂದ ಪ್ಯಾಕಿಂಗ್‌ವರೆಗೆ ಒಬ್ಬೊಬ್ಬರ ಮೈಮೇಲೆ ಏನಿದೆ, ಅದು ಎಲ್ಲಿ ಜೋತುಬೀಳುತ್ತದೆ, ಯಾವ ಯಂತ್ರದ ಹತ್ತಿರ ಹೋಗುತ್ತದೆ ಎಂದು ಬರೆದುಕೊಂಡೆ. ಹಾಗೆ ನೋಡಿದಾಗ ನಮಗೆ ನಿಜವಾಗಿ ಬೇಕಾದ ಪ್ರಶ್ನೆಗಳು ಮೂರೇ ಎಂದು ತಿಳಿಯಿತು: ಇದು ಕಳಚಿ ಬೀಳುತ್ತದೆಯೇ, ಒಡೆಯುತ್ತದೆಯೇ, ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆಯೇ. ಇದರಲ್ಲಿ ಯಾರ ಧರ್ಮವನ್ನೂ ಕೇಳುವ ಅಗತ್ಯವಿಲ್ಲ. ಕಾಲುಂಗುರವನ್ನು ಮೊದಲ ನಿಯಮದಲ್ಲಿ ನಿಷೇಧಿಸಿದ್ದೆವು. ಗಂಬೂಟಿನೊಳಗಿರುವ ಕಾಲುಂಗುರದಿಂದ ಪುಡಿಗೆ ಏನಾಗುತ್ತದೆಂದು ಯಾರೂ ಕೇಳಿರಲಿಲ್ಲ. ಆ ನಿಷೇಧವನ್ನು ತೆಗೆದುಹಾಕಿದೆ. ಕರಡಿಗೆ, ಜನಿವಾರ, ತಾಯಿತ, ಇವೆಲ್ಲ ಕತ್ತಿನವರೆಗೆ ಮುಚ್ಚುವ ಕೋಟಿನ ಒಳಗಿದ್ದರೆ ಸಾಕು.

ಕಷ್ಟವಾದದ್ದು ಗಾಜಿನ ಬಳೆ. ಬಳೆ ಬೇಡವೆಂದರೆ ಬರಿಗೈಯಲ್ಲಿ ಮನೆಯಿಂದ ಹೊರಡುವುದು ಅಶುಭವೆಂದು ಮುತ್ತೈದೆಯರು ಒಪ್ಪುವುದಿಲ್ಲ, ಅದು ಸಹಜ. ಮೆಟಲ್ ಡಿಟೆಕ್ಟರ್ ಇದೆಯಲ್ಲ ಎಂಬುದು ಅವರ ವಾದ. ನಾನು ಮಾತಾಡುವುದನ್ನು ಬಿಟ್ಟು, ಮಾರಾಟಕ್ಕಲ್ಲದ ಹತ್ತು ಕೆ.ಜಿ. ಹಳೆಯ ಪುಡಿ ತರಿಸಿ, ಒಂದು ಹಸಿರು ಬಳೆಯನ್ನು ಎಲ್ಲರೆದುರು ಒಡೆದು ಅದರಲ್ಲಿ ಬೆರೆಸಿದೆ. ಮೂರು ಸಲ ಡಿಟೆಕ್ಟರ್ ಕೆಳಗೆ ಹಾಯಿಸಿದೆವು, ಒಮ್ಮೆಯೂ ಕೂಗಲಿಲ್ಲ. ಗಾಜಿಗೆ ಅದು ಕುರುಡು. ಆಮೇಲೆ ಜರಡಿಗೆ ಹಾಕಿದೆವು. ದೊಡ್ಡ ಚೂರುಗಳು ಮೇಲೆ ನಿಂತವು, ಅಕ್ಕಿಕಾಳಿನ ಅರ್ಧದಷ್ಟಿದ್ದ ಚೂರುಗಳು ಪುಡಿಯ ಜೊತೆಯಲ್ಲೇ ಇಳಿದವು. ಹಿರಿಯ ಕೆಲಸಗಾರ್ತಿಯೊಬ್ಬಳು ಒಂದು ಚೂರನ್ನು ಅಂಗೈಯಲ್ಲಿಟ್ಟುಕೊಂಡು, "ಮಗ ತಿನ್ನೋ ಲಡ್ಡೂಗೆ ಇದು ಬಿದ್ರೆ ಏನ್ ಗತಿ ಸಾರ್" ಎಂದಳು. ನಂತರ ಇದೇ ರೀತಿ ಒಂದು ತೆಳ್ಳಗಿನ ಲೋಹದ ಬಳೆಯ ತುಂಡನ್ನು ಹಾಯಿಸಿದಾಗ ಡಿಟೆಕ್ಟರ್ ತಕ್ಷಣ ಕೂಗಿತು. ಅಲ್ಲಿಗೆ ನಿಯಮವನ್ನು ಅವರೇ ಹೇಳಿದರು: ಒಂದೊಂದು ಕೈಗೆ ಬಿಗಿಯಾದ ಒಂದೇ ಲೋಹದ ಬಳೆ, ಅದೂ ಎಲಾಸ್ಟಿಕ್ ಇರುವ ತೋಳಿನ ಒಳಗೆ. ಆ ಪುಡಿಯನ್ನು ಹೂತುಹಾಕಿಸಿದೆ. ಇದನ್ನು ಮಾಡುವವರು ನಡೆಯುತ್ತಿರುವ ಸಾಲಿನಲ್ಲಿ ಮಾಡಬೇಡಿ, ಕೆಲಸ ಮುಗಿದ ಮೇಲೆ ಮಾಡಿ, ಮಾಡಿದ ನಂತರ ಜರಡಿಯನ್ನು ಬಿಚ್ಚಿ ತೊಳೆಸಿ.

ಸೀಮಂತವಾದವಳು ಕೈತುಂಬ ತೊಟ್ಟ ಬಳೆಯನ್ನು ಹೆರಿಗೆಯವರೆಗೆ ತೆಗೆಯುವುದಿಲ್ಲ. ಅವಳಿಗೆ ಖಾಲಿ ಚೀಲಗಳನ್ನು ಎಣಿಸುವ ಕೋಣೆಯಲ್ಲಿ ಅದೇ ಕೂಲಿಗೆ ಕೆಲಸವೆಂದು ಬರೆದೆವು.

ಬಳೆಯ ವಿಷಯ ಮುಗಿಯಿತೆಂದು ಕರಡನ್ನು ಓದಿ ಹೇಳುತ್ತಿದ್ದೆ. ಅದರಲ್ಲಿ ಹೀಗಿತ್ತು: "ಸಂಸ್ಕರಣಾ ಕೋಣೆಯಲ್ಲಿ ಕಳಚುವ ಅಥವಾ ಜೋತುಬೀಳುವ ಯಾವ ವಸ್ತುವೂ ಕೋಟಿನ ಹೊರಗೆ ಇರಕೂಡದು. ಒಡೆಯುವ ಗಾಜು ಕೋಟಿನ ಒಳಗೂ ಇರಕೂಡದು." ಹಿಂದಿನ ಸಾಲಿನಿಂದ ಒಬ್ಬಳು ಎದ್ದು, "ಕರಿಮಣಿನೂ ಗಾಜೇ ಅಲ್ವಾ ಸಾರ್?" ಎಂದಳು. ಮಾಂಗಲ್ಯ ತೆಗೆಯಿರಿ ಎಂದು ಹೇಳುವ ಅಧಿಕಾರ ನನಗಿಲ್ಲ, ಹೇಳುವ ಮನಸ್ಸೂ ಇರಲಿಲ್ಲ. ಸರ ಕಿತ್ತರೆ ನೂರಾರು ಮಣಿ ಉದುರುತ್ತವೆ, ಡಿಟೆಕ್ಟರಿಗೆ ಅವೂ ಕಾಣುವುದಿಲ್ಲ. ಎರಡು ವಾರ ಈ ಒಂದು ಸಾಲು ನನ್ನನ್ನು ಕಾಡಿತು. ಕೊನೆಗೆ ಊರಿನ ದರ್ಜಿಯೊಬ್ಬರ ಜೊತೆ ಕೂತು, ಇಡೀ ಸರವನ್ನು ಕೊರಳಲ್ಲಿದ್ದಂತೆಯೇ ಒಳಗೆ ಸೇರಿಸಿಕೊಳ್ಳುವ ಹತ್ತಿಬಟ್ಟೆಯ ಉದ್ದನೆಯ ಕೊಳವೆಯಂಥ ಚೀಲ ಹೊಲಿಸಿದೆವು. ಮಾಂಗಲ್ಯ ಮೈಬಿಟ್ಟು ಹೋಗುವುದಿಲ್ಲ, ಸರ ಕಿತ್ತರೂ ಮಣಿ ಚೀಲದಲ್ಲೇ ಉಳಿಯುತ್ತದೆ. ಒಂದಕ್ಕೆ ಇಪ್ಪತ್ತೆರಡು ರೂಪಾಯಿಯೋ ಇಪ್ಪತ್ತೈದೋ ಬಿತ್ತು. ಚೀಲ ಬೆವರಿಗೆ ಸುತ್ತಿಕೊಳ್ಳದ ಹಾಗೆ ಅದರ ಬಾಯಿಯನ್ನು ಹೇಗೆ ಹೊಲಿಯುವುದೆಂಬುದು ಆ ದರ್ಜಿಯ ಕೈಚಳಕ. ಅದನ್ನು ನಾನು ಇಲ್ಲಿ ಬಿಚ್ಚಿಡುವುದಿಲ್ಲ. ನಿಯಮದಲ್ಲಿ "ಮುಚ್ಚಿದ ಚೀಲದೊಳಗಿರುವ ಸರವನ್ನು ಹೊರತುಪಡಿಸಿ" ಎಂಬ ಮಾತು ಸೇರಿತು.

ತಲೆಯ ವಿಷಯ ಸುಲಭವಾಗಿ ಬಗೆಹರಿಯಿತು, ಆದರೆ ಖರ್ಚು ಅಲ್ಲೇ ಹೆಚ್ಚು. ಮೊದಲು ಬಳಸಿ ಬಿಸಾಡುವ ಟೋಪಿ ಕೊಡುತ್ತಿದ್ದೆವು, ತಿಂಗಳಿಗೆ ಆರು ಸಾವಿರ ದಾಟುತ್ತಿತ್ತು, ಕಿವಿಯ ಹತ್ತಿರ ಕೂದಲು ಹೊರಗೇ ಇರುತ್ತಿತ್ತು. ಅದರ ಬದಲು ತಲೆ, ಕಿವಿ, ಕತ್ತು ಮುಚ್ಚಿ, ಅಂಚು ಕೋಟಿನೊಳಗೆ ಹೋಗುವ ಬಟ್ಟೆಯ ಕುಲಾವಿಯನ್ನು ಗಂಡು ಹೆಣ್ಣೆನ್ನದೆ ಎಲ್ಲರಿಗೂ ಕೊಟ್ಟೆವು. ಹಿಜಾಬ್ ಧರಿಸುವವರಿಗೆ ಬೇಕಾದ ಮುಸುಕು ಅದರಲ್ಲೇ ಇತ್ತು, ಆಹಾರ ಸುರಕ್ಷತೆಗೆ ಬೇಕಾದದ್ದೂ ಅದೇ. ಮೊದಲ ಹೊಲಿಗೆಯ ನಲವತ್ತು ಕುಲಾವಿಗಳು ವ್ಯರ್ಥವಾದವು: ಗಲ್ಲದ ಕೆಳಗೆ ಲಾಡಿ ಇಟ್ಟಿದ್ದೆವು, ಅದು ಯಂತ್ರಕ್ಕೆ ಸಿಕ್ಕಿಕೊಳ್ಳುವ ವಸ್ತು, ತುರುಬಿಗೆ ಜಾಗವೂ ಇರಲಿಲ್ಲ. ಲಾಡಿ ತೆಗೆದು ಎಲಾಸ್ಟಿಕ್ ಹಾಕಿ, ಹಿಂಭಾಗವನ್ನು ಎರಡು ಇಂಚು ಎತ್ತರಿಸಿದೆವು. ಡ್ರೈಯರ್ ರಿಪೇರಿಗೆ ಬಂದ ಸಿಖ್ ತಂತ್ರಜ್ಞರೊಬ್ಬರು ಪಗಡಿಯ ಬದಲು ಒಳಗೆ ಕಟ್ಟುವ ಚಿಕ್ಕ ಬಟ್ಟೆಯ ಮೇಲೆ ಇದೇ ಕುಲಾವಿ ಹಾಕಿಕೊಂಡು ಕೆಲಸ ಮಾಡಿ ಹೋದರು. ತುರುಬಿಗೆಂದು ಬಿಟ್ಟ ಜಾಗ ಅವರ ಜುಟ್ಟಿಗೂ ಆಯಿತು.

ಬುರ್ಖಾ ಧರಿಸಿ ಬರುವವರು ಒಳಗೆ ಅದನ್ನು ತೆಗೆಯಲು ಹಿಂಜರಿಯುತ್ತಿದ್ದರು. ಅದು ಬಟ್ಟೆಯ ತಕರಾರು ಎಂದು ನಾನು ವರ್ಷವಿಡೀ ತಪ್ಪು ತಿಳಿದಿದ್ದೆ. ನಿಜವಾದ ತೊಂದರೆ ಬಟ್ಟೆ ಬದಲಿಸುವ ಕೋಣೆಯದು: ಬಾಗಿಲಿಗೆ ಚಿಲಕವಿರಲಿಲ್ಲ, ಎದುರಿಗೇ ಗಂಡಸರ ಕೈತೊಳೆಯುವ ಜಾಗ. ಹದಿನೆಂಟು ಸಾವಿರದಲ್ಲಿ ಗೋಡೆ, ಚಿಲಕ, ಗೂಟಗಳಾದವು. ಕೋಟನ್ನು ಮೊಣಕಾಲಿನವರೆಗೆ ಉದ್ದ ಮಾಡಿದೆವು. ಆ ತಕರಾರು ಮತ್ತೆ ಬರಲಿಲ್ಲ. ಹೂ ಮುಡಿದು ಬರುವವರಿಗೂ ಅದೇ ಕೋಣೆಯಲ್ಲಿ ಬಾಳೆಲೆ ಹಾಸಿದ ತಟ್ಟೆ ಇಟ್ಟೆವು, ಹೋಗುವಾಗ ಮತ್ತೆ ಮುಡಿದುಕೊಳ್ಳುತ್ತಾರೆ.

ಎಲ್ಲ ಸೇರಿ ಬಟ್ಟೆಗೆ ಒಂದೂವರೆ ಲಕ್ಷದ ಮೇಲಾಯಿತು, ತಲೆಗೆ ಮೂರು ಜೊತೆಯಂತೆ. ಮಾಲೀಕರು ಕೆಲಸಗಾರರಿಂದ ಅರ್ಧ ಹಿಡಿಯೋಣ ಎಂದರು. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 22ನೆಯ ಕಲಮನ್ನು ತೋರಿಸಿದೆ: ಓಡುವ ಯಂತ್ರಕ್ಕೆ ಎಣ್ಣೆ ಬಿಡುವವನ ಬಿಗಿಯುಡುಪನ್ನು ಕಾರ್ಖಾನೆಯವರೇ ಒದಗಿಸಬೇಕು. ಅದು ಎಲ್ಲರಿಗೂ ಅನ್ವಯಿಸುವ ಮಾತಲ್ಲ, ಆದರೆ ಒಬ್ಬನಿಗೆ ಕೊಟ್ಟು ಉಳಿದವರಿಂದ ವಸೂಲಿ ಮಾಡಿದರೆ ನಿಯಮ ಮತ್ತೆ ಬೀಳುತ್ತದೆಂದು ಅವರಿಗೆ ಮನವರಿಕೆಯಾಯಿತು.

ಕಾರ್ತಿಕದಲ್ಲಿ ಅಯ್ಯಪ್ಪ ಮಾಲೆ ಹಾಕುವವರಿಂದ ನಿಯಮಕ್ಕೆ ನಿಜವಾದ ಪರೀಕ್ಷೆ. ಕಪ್ಪು ಪಂಚೆಯ ಬದಲು ಕಪ್ಪು ಪ್ಯಾಂಟು, ಮಾಲೆ ಕೋಟಿನೊಳಗೆ. ಕ್ಷೌರ ಮಾಡದ ಗಡ್ಡಕ್ಕೆ ಬಲೆಯ ಮುಸುಕು. ಗಡ್ಡ ಬಿಟ್ಟ ಮುಸ್ಲಿಂ ಹುಡುಗರಿಗೂ ಅದೇ ಮುಸುಕು, ಅದೇ ವಾಕ್ಯ. ಉಳಿದದ್ದು ಬರಿಗಾಲು. ಒದ್ದೆ ನೆಲ, ಚೂಪಾದ ಕರಟ, ಬಿಸಿನೀರು ಇರುವಲ್ಲಿ ಬರಿಗಾಲಿಗೆ ಒಪ್ಪಲಾಗದು ಎಂದು ಬರೆದೇ ಇದ್ದೇವೆ. ಚರ್ಮವಿಲ್ಲದ ಪಿ.ವಿ.ಸಿ. ಗಂಬೂಟು ತರಿಸಿದಾಗ ಐವರಲ್ಲಿ ಮೂವರು ಒಪ್ಪಿದರು. ಇಬ್ಬರು ಒಪ್ಪಲಿಲ್ಲ; ಅವರನ್ನು ನಲವತ್ತೊಂದು ದಿನ ತೂಕದ ಮನೆಯ ಲೆಕ್ಕಕ್ಕೆ ಹಾಕಿದೆವು. ಅಲ್ಲಿ ಇಬ್ಬರಿಗಿಂತ ಹೆಚ್ಚು ಜನಕ್ಕೆ ಕೆಲಸವಿಲ್ಲ. ಮೂರನೆಯವನು ಬಂದರೆ ಏನೆಂಬುದಕ್ಕೆ ನಮ್ಮ ನಿಯಮದಲ್ಲಿ ಇನ್ನೂ ಉತ್ತರ ಬರೆದಿಲ್ಲ.

ಬಾಗಿಲಲ್ಲಿ ಈಗ ಮೇಸ್ತ್ರಿ ಯಾರ ಕೊರಳಿಗೂ ಕೈ ಹಾಕುವುದಿಲ್ಲ. ಆಳೆತ್ತರದ ಕನ್ನಡಿ ಇದೆ, ಅದರ ಪಕ್ಕ ಸರಿಯಾಗಿ ತೊಟ್ಟವರ ಚಿತ್ರವಿದೆ. ಹೆಂಗಸರನ್ನು ಹೆಂಗಸೇ ನೋಡುತ್ತಾಳೆ. ಬೇಸಿಗೆಯಲ್ಲಿ ಡ್ರೈಯರ್ ಹತ್ತಿರ ಕುಲಾವಿ ಸೆಕೆ ಎಂಬ ದೂರು ಮಾತ್ರ ಉಳಿದಿದೆ. ತೆಳುಬಟ್ಟೆಯ ಹನ್ನೆರಡು ಕುಲಾವಿ ಹೊಲಿಯಲು ಕೊಟ್ಟಿದ್ದೇನೆ, ಯುಗಾದಿಯೊಳಗೆ ಬರುತ್ತವೆ.