ಫೋಟೋದಲ್ಲಿ ಬಂದ ಗರಿಷ್ಠ-ಕನಿಷ್ಠ ಲೆಕ್ಕ: ಎರಡು ಸಲ ದುಡ್ಡು ವಾಪಸ್ ಕೊಟ್ಟ ಮೇಲೆ

ಸಂಜೆ ಟ್ಯೂಷನ್ ಮುಗಿದ ಮೇಲೆ ವಾಟ್ಸಾಪ್‌ಗೆ ಬರುವ ಲೆಕ್ಕದ ಫೋಟೋಗಳನ್ನು ಬಿಡಿಸಿಕೊಡುವುದು ನನ್ನ ಎರಡನೇ ಕೆಲಸ. ಲೆಕ್ಕಕ್ಕೆ 80 ರೂಪಾಯಿ, ತಪ್ಪಾದರೆ ವಾಪಸ್. ಎರಡು ಚರಗಳ ಫಂಕ್ಷನ್, ಮೇಲೊಂದು ಶರತ್ತು, ಗರಿಷ್ಠ-ಕನಿಷ್ಠ ಹುಡುಕಿ ಅನ್ನುವ ಜಾತಿಯ ಲೆಕ್ಕದಲ್ಲೇ ಹೋದ ವರ್ಷ 600 ರೂಪಾಯಿ ಹತ್ತಿರ ಕೈಬಿಟ್ಟಿದೆ. ಅದರಲ್ಲಿ ಎರಡು ಸಲದ್ದು ಒಂದೇ ಲೆಕ್ಕಕ್ಕೆ. ಅದರ ಕಥೆಯೇ ಇದು.

ಎಂಜಿನಿಯರಿಂಗ್ ಹುಡುಗನೊಬ್ಬ ರಾತ್ರಿ ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೋ. ಪುಟ ಸೊಟ್ಟ, ಬಲಗಡೆ ಹೆಬ್ಬೆರಳಿನ ನೆರಳು. ಓದಿದಷ್ಟು ಹೀಗಿತ್ತು:

```
f(x,y) = x² + 2y² − x
x² + y² = 1
```

ಆ `=` ಚಿಹ್ನೆಯ ಮೇಲೇ ನೆರಳು ಬಿದ್ದಿತ್ತು. ನಾನು ಅದನ್ನು ಗಮನಿಸಲೇ ಇಲ್ಲ. ಶರತ್ತನ್ನು λ ಅನ್ನುವ ಗುಣಕದಿಂದ f ಜೊತೆ ಜೋಡಿಸುವ ಲಗ್ರಾಂಜ್ ವಿಧಾನವನ್ನೇ ಸೀದಾ ಹಾಕಿದೆ:

```
2x − 1 = 2λx
4y = 2λy
```

ಎರಡನೇ ಸಾಲು ನೋಡಿ. ಕೈ ತಾನಾಗೇ y ಹೊಡೆದುಹಾಕುತ್ತೆ, ಅಲ್ವಾ? ನನ್ನದೂ ಹಾಗೇ ಆಯ್ತು. λ = 2 ಬಂತು, ಅದರಿಂದ x = −1/2, ಶರತ್ತಿನಿಂದ y = ±√3/2. ಎರಡು ಬಿಂದು ಸಿಕ್ಕವು, ಎರಡರಲ್ಲೂ f ಬೆಲೆ 9/4. ಈಗ ಇದು ಗರಿಷ್ಠವೋ ಕನಿಷ್ಠವೋ? ಅಭ್ಯಾಸಬಲದಿಂದ f ನ ಎರಡನೇ ಡೆರಿವೇಟಿವ್‌ಗಳ rt − s² ಪರೀಕ್ಷೆ ಹಾಕಿದೆ. r = 2, t = 4, s = 0, ಬಂದದ್ದು 8. ಧನಾತ್ಮಕ, r ಕೂಡ ಧನಾತ್ಮಕ, ಹಾಗಾಗಿ ಕನಿಷ್ಠ! 'ಕನಿಷ್ಠ 9/4, ಗರಿಷ್ಠ ಇಲ್ಲ' ಅಂತ ಬರೆದು ಕಳಿಸಿಬಿಟ್ಟೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ. ಆ ಪರೀಕ್ಷೆ ಶರತ್ತಿಲ್ಲದ ಕಡೆ ಮಾತ್ರ ನಡೆಯುವಂಥದ್ದು. ವೃತ್ತದ ಮೇಲೆ ಕಟ್ಟಿಹಾಕಿದ ಬಿಂದುವಿಗೆ ಬರೀ f ಹಿಡಿದು rt − s² ಹಾಕಿದರೆ ಹೀಗೇ ಉಲ್ಟಾ ಹೊಡೆಯುತ್ತೆ. 9/4 ನಿಜವಾಗಿ ಗರಿಷ್ಠ. ಮೊದಲ 80 ಹೋಯ್ತು.

ಎರಡನೇ ಸಲ ಲಗ್ರಾಂಜ್ ಸಹವಾಸವೇ ಬೇಡ ಅಂತ y² = 1 − x² ಅಂತ ಬದಲಿ ಹಾಕಿದೆ. f ಆಯ್ತು 2 − x − x². ಒಂದೇ ಚರ, ಹತ್ತನೇ ಕ್ಲಾಸಿನವರಿಗೂ ಬರುವ ಪರಬೊಲ. ಡಿಫರೆನ್ಷಿಯೇಟ್ ಮಾಡಿದರೆ ಮತ್ತೆ x = −1/2, ಮತ್ತೆ 9/4. ಕನಿಷ್ಠ ಎಲ್ಲಿ? ಇಲ್ಲೂ ಸಿಗಲಿಲ್ಲ. x ಓಡಾಡುವುದು −1 ರಿಂದ 1 ರವರೆಗೆ ಮಾತ್ರ, ತುದಿಗಳನ್ನೂ ನೋಡಬೇಕು ಅನ್ನುವುದು ತಲೆಗೆ ಹೊಳೆಯಲಿಲ್ಲ. ತಮಾಷೆ ಏನು ಗೊತ್ತಾ, ಎರಡು ದಾರಿಯಲ್ಲೂ ಜಾರಿಹೋದದ್ದು ಅವೇ ಬಿಂದುಗಳು. ಲಗ್ರಾಂಜ್‌ನಲ್ಲಿ y ಹೊಡೆದುಹಾಕಿದಾಗ ಹೋದದ್ದು y = 0. ಬದಲಿ ಹಾಕಿದಾಗ ಮರೆತ ತುದಿಗಳು (1,0) ಮತ್ತು (−1,0), ಅಲ್ಲೂ y = 0 ತಾನೇ.

ಇಲ್ಲಿಂದ ನನ್ನ ಪದ್ಧತಿ ಶುರು. ಸಮೀಕರಣ ಬಿಡಿಸುವ ಮೊದಲೇ ವೃತ್ತದ ಮೇಲೆ ಒಂದು ಸುತ್ತು ನಡೆದು ಬರುವುದು, 30 ಡಿಗ್ರಿಗೆ ಒಂದು ಹೆಜ್ಜೆ. x ಅಂದರೆ cos θ, y ಅಂದರೆ sin θ. y ಗೆ ವರ್ಗ ಇರುವುದರಿಂದ ಕೆಳಗಿನ ಅರ್ಧ ಮೇಲಿನದರ ಪಡಿಯಚ್ಚು, ಹಾಗಾಗಿ ಏಳೇ ಹೆಜ್ಜೆ ಸಾಕು. ಕ್ಯಾಲ್ಕುಲೇಟರ್‌ನಲ್ಲಿ ಎರಡು ನಿಮಿಷ. 0 ಡಿಗ್ರಿಯಲ್ಲಿ 0, ಆಮೇಲೆ 0.38, 1.25, 2, 120ರಲ್ಲಿ 2.25, 150ರಲ್ಲಿ 2.12, 180ರಲ್ಲಿ 2.

ಇಷ್ಟಾದರೆ ಎಲ್ಲಾ ಕಣ್ಣೆದುರಿಗೇ ಇದೆ. ಗರಿಷ್ಠ 120ರ ಹತ್ತಿರ, ಕನಿಷ್ಠ (1,0) ಹತ್ತಿರ. (−1,0) ದಲ್ಲಿ ಬರುವ 2 ಸುಮ್ನೆ ಒಂದು ಸಣ್ಣ ತಗ್ಗು, ಅಕ್ಕಪಕ್ಕಕ್ಕಿಂತ ಕಮ್ಮಿ, ಆದರೆ ಉತ್ತರ ಅಲ್ಲ. ಈಗ ಲಗ್ರಾಂಜ್‌ಗೆ ವಾಪಸ್ ಬಂದು y(2 − λ) = 0 ಅಂತ ಬರೆದೆ, ಹೊಡೆದುಹಾಕಲಿಲ್ಲ. ನಾಲ್ಕೂ ಬಿಂದು ಬಂದವು. ಗರಿಷ್ಠ 9/4, ಕನಿಷ್ಠ 0. ಪಟ್ಟಿಗೆ ಸರಿಯಾಗಿ ಕೂತಿತು.

ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಗೆಳೆಯ ಇದನ್ನು ನೋಡಿ ನಕ್ಕ. 'ಲೋ, ಇದು ಗಣಿತ ಅಲ್ಲ ಕಣೋ, ಕಿರಾಣಿ ಲೆಕ್ಕ' ಅಂದ. ಅಷ್ಟರಲ್ಲಿ ಹುಡುಗನ ಮೆಸೇಜ್: 'ಸರ್, ಪುಸ್ತಕದ ಹಿಂದೆ ಕೊಟ್ಟ ಉತ್ತರದಲ್ಲಿ ಕನಿಷ್ಠ −1/4 ಅಂತ ಇದೆ.' ಗೆಳೆಯನಿಗೆ ಇನ್ನೂ ಖುಷಿ. ಎರಡನೇ 80 ವಾಪಸ್ ಕಳಿಸಿದೆ, ಆದರೆ ಈ ಸಲ ನಾನು ಬಗ್ಗಲಿಲ್ಲ. ಯಾಕೆಂದರೆ 2 − x − x² ಅನ್ನು ಒಡೆದರೆ (1 − x)(2 + x) ಆಗುತ್ತೆ. ವೃತ್ತದ ಮೇಲೆ x 1 ದಾಟಲ್ಲ, −1 ಕ್ಕಿಂತ ಕೆಳಗೂ ಇಳಿಯಲ್ಲ. ಅಂದಮೇಲೆ ಎರಡು ಆವರಣಗಳೂ ಋಣಾತ್ಮಕ ಆಗಲ್ಲ, ಗುಣಲಬ್ಧವೂ ಆಗಲ್ಲ. ವೃತ್ತದ ಮೇಲೆ −1/4 ಬರುವುದು ಸಾಧ್ಯವೇ ಇಲ್ಲ. ಪುಸ್ತಕ ತಪ್ಪಿರಬೇಕು, ಇಲ್ಲಾ ಫೋಟೋ ತಪ್ಪಿರಬೇಕು.

ಬೆಳಿಗ್ಗೆ ಕಿಟಕಿ ಪಕ್ಕ ಪುಟ ಚಪ್ಪಟೆಯಾಗಿ ಇಟ್ಟು, ಲೆಕ್ಕದ ಮೇಲಿನ ಶೀರ್ಷಿಕೆ ಸಾಲೂ ಬರುವಂತೆ ಇನ್ನೊಂದು ಫೋಟೋ ಕಳಿಸಪ್ಪ ಅಂದೆ. ಬಂತು. `=` ಅಲ್ಲ, `≤`! ವೃತ್ತದ ಗೆರೆ ಮಾತ್ರ ಅಲ್ಲ, ಒಳಗಿನ ತಟ್ಟೆಯೂ ಸೇರಿತ್ತು. ಒಳಗೆ ಶರತ್ತಿನ ಕಾಟ ಇಲ್ಲ, ಹಾಗಾಗಿ 2x − 1 = 0, 4y = 0. ಬಿಂದು (1/2, 0), ಅಲ್ಲಿ f = 1/4 − 1/2 = −1/4. rt − s² ಗೆ ಇಲ್ಲಿ ನಿಜವಾಗಿ ಕೆಲಸ ಇದೆ, ಇಲ್ಲಿ ಅದು ಕನಿಷ್ಠ ಅಂದದ್ದೂ ಸರಿ. ಅಂಚಿನ 9/4, 2, 0 ಮತ್ತು ಒಳಗಿನ −1/4 ಎಲ್ಲಾ ಒಟ್ಟಿಗಿಟ್ಟು ನೋಡಿದರೆ ಗರಿಷ್ಠ 9/4, ಕನಿಷ್ಠ −1/4. ಹುಡುಗ 160 ಕಳಿಸಿದ. ನಾನೇನೂ ಕೇಳಿರಲಿಲ್ಲ.

ಅದೇ ಗುಂಗಿನಲ್ಲಿ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಶರತ್ತಿನ 1 ಅನ್ನು 1.1 ಮಾಡಿದರೆ? ವೃತ್ತದ ಮೇಲಿನ ಗರಿಷ್ಠ 2.25 ರಿಂದ 2.45 ಕ್ಕೆ ಏರಿತು, ಅಂದರೆ 0.1 ಗೆ 0.2. ಆ ಬಿಂದುವಿನಲ್ಲಿ λ = 2 ಇತ್ತಲ್ಲ, ಅದೇ! (1,0) ದಲ್ಲಿ λ = 1/2, ಅಲ್ಲಿನ ಕನಿಷ್ಠ 0 ಯಿಂದ ಸುಮಾರು 0.05 ಏರಿತು. ಇಷ್ಟು ವರ್ಷ λ ಅಂದರೆ ಬಿಡಿಸಿ ಬಿಸಾಡುವ ಅಕ್ಷರ ಅಂದುಕೊಂಡಿದ್ದೆ. ಈಗ ಉತ್ತರ ತಾಳೆ ನೋಡಲು ಇದನ್ನೇ ಬಳಸುತ್ತೇನೆ. ಆದರೆ ಆ 1 ಅನ್ನು 1/4 ಕ್ಕಿಂತ ಕೆಳಗೆ ಇಳಿಸಿದರೆ x = −1/2 ವೃತ್ತದ ಆಚೆ ಹೋಗುತ್ತೆ. ಆಗ λ = 2 ರ ಕಥೆ ಮುಗಿಯಿತು, ಗರಿಷ್ಠವೂ ಎಡಗಡೆಯ y = 0 ಬಿಂದುವಿಗೆ ಬಂದು ಕೂರುತ್ತೆ.

ಪುಸ್ತಕದ ಹಿಂದಿನ ಉತ್ತರ ಇಲ್ಲದೆಯೂ ಮಸುಕು ಫೋಟೋದಲ್ಲಿ `=` ಯಾವುದು `≤` ಯಾವುದು ಅಂತ ಊಹಿಸಲು ನನ್ನ ಹತ್ರ ಇನ್ನೊಂದು ಉಪಾಯ ಇದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ, 80 ರೂಪಾಯಿಯ ಪ್ರಶ್ನೆ. ನಕ್ಕ ಗೆಳೆಯ ಹೋದ ವಾರ ಒಂದು ಎಲಿಪ್ಸ್ ಲೆಕ್ಕದ ಫೋಟೋ ಕಳಿಸಿ 'ನಿನ್ನ ಕಿರಾಣಿ ಪಟ್ಟಿ ಹಾಕಿ ನೋಡೋ' ಅಂದಿದ್ದಾನೆ. ಅವನ ಫೋಟೋದಲ್ಲೂ ಚಿಹ್ನೆಯ ಮೇಲೆ ಹೆಬ್ಬೆರಳಿನ ನೆರಳು.